ಷೇರು ಕದಲಲೇ ಇಲ್ಲ, ನನ್ನ ಆಪ್ಷನ್‌ನಲ್ಲಿ ಮಾತ್ರ ₹2,700 ಹೋಗಿದ್ದು ಹೇಗೆ?

ಪ್ರಶ್ನೆ: ಮೊದಲ ಸಲ ಆಪ್ಷನ್‌ಗಳ ಬೆಲೆಪಟ್ಟಿಯಾದ ಆಪ್ಷನ್ ಚೈನ್ ತೆರೆದು ಒಂದು ಕಂಪನಿಯ 1080ರ ಕಾಲ್ ಒಂದು ಲಾಟ್ ಕೊಂಡೆ. ಲಾಟ್ ಅಂದರೆ 500 ಷೇರು. ಪರದೆಯಲ್ಲಿ ಬೆಲೆ ₹6 ಅಂತ ಇತ್ತು. ಸಿಗದೇ ಹೋದೀತು ಅಂತ ₹10ಕ್ಕೆ ಲಿಮಿಟ್ ಹಾಕಿದೆ, ₹9.50ಕ್ಕೆ ಸಿಕ್ಕಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ₹2,700 ನಷ್ಟ. ಷೇರು ಮಾತ್ರ ಆಗಲೂ ₹1,004, ಈಗಲೂ ₹1,004. ಹಾಗಾದರೆ ಪರದೆಯ ಮೇಲಿನ ಬೆಲೆ ಸುಳ್ಳೇ? (ಶಿರಸಿ ಸಮೀಪದ ಓದುಗರು)

ಉತ್ತರ: ಸುಳ್ಳಲ್ಲ, ಹಳೆಯದು. ನೀವು ನೋಡಿದ ₹6 ನಿಮಗೆ ಯಾರೂ ಕೊಡುತ್ತೇನೆಂದು ಹೇಳಿದ ಬೆಲೆಯಾಗಿರಲಿಲ್ಲ. ಅದೇ ಸಾಲಿನಲ್ಲಿ, ಬೇರೊಂದು ಕಾಲಂನಲ್ಲಿ, ನೀವು ಕೊಡಬೇಕಾಗುವ ಬೆಲೆ ಬರೆದೇ ಇತ್ತು. ನೀವು ಕಳಿಸಿದ ಸ್ಕ್ರೀನ್‌ಶಾಟ್‌ನ ಕಾಲ್ ಬದಿಯಿಂದ ಮೂರು ಸಾಲು ತೆಗೆದು ಇಲ್ಲಿ ಇಡುತ್ತೇನೆ. ಓಐ, ಐವಿ ಮುಂತಾದ ಕಾಲಂಗಳು ಇವತ್ತಿನ ಪ್ರಶ್ನೆಗೆ ಬೇಕಿಲ್ಲ, ಬಿಟ್ಟಿದ್ದೇನೆ.

```
STRIKE    BID     ASK     LTP    VOLUME
1000     28.40   28.70   28.55    4,120
1060      7.20    9.80    5.20       31
1080      4.10    9.50    6.00        7
```

ಮೊದಲು ಸ್ಟ್ರೈಕ್, ಅಂದರೆ ಹಕ್ಕಿನಲ್ಲಿ ನಿಗದಿಯಾದ ಬೆಲೆ. ಪೂರ್ತಿ ಚೈನ್‌ನಲ್ಲಿ ಇದು ನಟ್ಟನಡುವಿನ ಕಾಲಂ. ಎಡಕ್ಕೆ ಕಾಲ್, ಅಂದರೆ ಆ ಬೆಲೆಗೆ ಕೊಳ್ಳುವ ಹಕ್ಕು; ಬಲಕ್ಕೆ ಪುಟ್, ಅಂದರೆ ಮಾರುವ ಹಕ್ಕು. 1080ರ ಕಾಲ್ ಕೊಂಡವರಿಗೆ ಆ ಷೇರನ್ನು ₹1,080ಕ್ಕೆ ಕೊಳ್ಳುವ ಹಕ್ಕು ಬರುತ್ತದೆ. ಈಗ ಪೇಟೆಯಲ್ಲಿ ಅದೇ ಷೇರು ₹1,004ಕ್ಕೆ ಸಿಗುತ್ತಿರುವಾಗ ಈ ಹಕ್ಕಿಗೆ ಸದ್ಯಕ್ಕೆ ಬೆಲೆಯಿಲ್ಲ. ಹಕ್ಕಿನ ಅವಧಿ ಮುಗಿಯುವ ಎಕ್ಸ್‌ಪೈರಿ ದಿನದ ಒಳಗೆ ಷೇರು ಮೇಲೇರಬಹುದು ಎಂಬ ಸಾಧ್ಯತೆಗಷ್ಟೇ ನೀವು ದುಡ್ಡು ಕೊಟ್ಟಿರುವುದು. 1000ದ ಕಾಲ್ ಹಾಗಲ್ಲ. ಅದರ ಸುಮಾರು ₹28.50ರಲ್ಲಿ ₹4 ಷೇರಿನ ಈಗಿನ ಬೆಲೆಗೂ ಸ್ಟ್ರೈಕ್‌ಗೂ ಇರುವ ವ್ಯತ್ಯಾಸ, ಉಳಿದದ್ದು ಕಾಲಾವಕಾಶದ ಬೆಲೆ. ಎನ್‌ಎಸ್‌ಇ ಪುಟದಲ್ಲಿ ಕೆಲವು ಸಾಲುಗಳ ಹಿನ್ನೆಲೆಗೆ ಬಣ್ಣ ಬಳಿದಿರುತ್ತಾರಲ್ಲ, ಅದು ಇದೇ ಗುರುತು: ಹೀಗೆ ಈಗಲೇ ಬೆಲೆ ಇರುವ ಸ್ಟ್ರೈಕ್‌ಗಳು. ಕಾಲ್ ಬದಿಯಲ್ಲಿ ಷೇರಿನ ಬೆಲೆಗಿಂತ ಕೆಳಗಿನ ಸ್ಟ್ರೈಕ್‌ಗಳಿಗೆ ಬಣ್ಣ, ಪುಟ್ ಬದಿಯಲ್ಲಿ ಮೇಲಿನವಕ್ಕೆ.

ಇನ್ನು ನಿಮ್ಮನ್ನು ದಾರಿ ತಪ್ಪಿಸಿದ ಕಾಲಂ, LTP. ಕೊನೆಯ ವ್ಯವಹಾರ ನಡೆದ ಬೆಲೆ ಎಂದಷ್ಟೇ ಅದರ ಅರ್ಥ. ಆ ವ್ಯವಹಾರ ಎರಡು ಸೆಕೆಂಡಿನ ಹಿಂದೆ ನಡೆದಿರಬಹುದು, ಬೆಳಿಗ್ಗೆ 9:20ಕ್ಕೂ ನಡೆದಿರಬಹುದು. ಚೈನ್‌ನಲ್ಲಿ ಅದರ ಸಮಯ ಬರೆದಿರುವುದಿಲ್ಲ. ನಿಮ್ಮೂರಿನ ಲೆಕ್ಕದಲ್ಲಿ ಹೇಳುವುದಾದರೆ, ಇದು ಪೇಪರಿನಲ್ಲಿ ಬಂದ ಅಡಿಕೆ ಧಾರಣೆ ಇದ್ದ ಹಾಗೆ. ನಿನ್ನೆ ಚಾಲಿ ಯಾವ ದರಕ್ಕೆ ಹೋಯಿತು ಎಂಬುದು ಖರೆ, ಆದರೆ ಇವತ್ತು ನಿಮ್ಮ ಚೀಲಕ್ಕೆ ಸಿಗುವುದು ಇವತ್ತಿನ ಟೆಂಡರಿನಲ್ಲಿ ವ್ಯಾಪಾರಿ ಬರೆದ ದರವೇ ಹೊರತು ಪೇಪರಿನದ್ದಲ್ಲ.

ಇವತ್ತಿನ ದರ ಇರುವುದು BID ಮತ್ತು ASK ಕಾಲಂಗಳಲ್ಲಿ. ಬಿಡ್ ಎಂದರೆ ಈ ಕ್ಷಣ ಕೊಳ್ಳಲು ಕಾಯುತ್ತಿರುವವರಲ್ಲಿ ಅತಿ ಹೆಚ್ಚು ಕೊಡಲು ಸಿದ್ಧ ಇರುವವರ ಬೆಲೆ. ಆಸ್ಕ್ ಎಂದರೆ ಮಾರಲು ಕಾಯುತ್ತಿರುವವರಲ್ಲಿ ಅತಿ ಕಡಿಮೆ ಕೇಳುತ್ತಿರುವವರ ಬೆಲೆ. ತಕ್ಷಣ ಬೇಕೆಂದರೆ ಆಸ್ಕ್ ಬೆಲೆಗೆ ಕೊಳ್ಳಬೇಕು, ತಕ್ಷಣ ಬಿಡಬೇಕೆಂದರೆ ಬಿಡ್ ಬೆಲೆಗೆ ಮಾರಬೇಕು. ಪಕ್ಕದಲ್ಲಿರುವ ಕ್ವಾಂಟಿಟಿ ಕಾಲಂ ಆ ಬೆಲೆಗೆ ಎಷ್ಟು ಸಿಗುತ್ತದೆ ಎಂದು ಹೇಳುತ್ತದೆ. ನಿಮ್ಮ ಚಿತ್ರದಲ್ಲಿ ₹9.50ರ ಎದುರು 500 ಎಂದಿದೆ, ಅಂದರೆ ಒಂದೇ ಲಾಟ್. ಎರಡು ಲಾಟ್ ಕೇಳಿದ್ದರೆ ಎರಡನೆಯದು ಇನ್ನೂ ದುಬಾರಿಯಾಗುತ್ತಿತ್ತು, ಇಲ್ಲವೇ ಸಿಗುತ್ತಲೇ ಇರಲಿಲ್ಲ.

ಈಗ ನಿಮ್ಮ ಅರ್ಧ ಗಂಟೆಯನ್ನು ಹಿಂದಿರುಗಿ ನೋಡೋಣ. ₹10ರ ಲಿಮಿಟ್ ಎಂದರೆ ‘ಹತ್ತು ರೂಪಾಯಿವರೆಗೂ ಕೊಡುತ್ತೇನೆ’ ಎಂದು ಒಪ್ಪಿಕೊಂಡಂತೆ. ಎಕ್ಸ್‌ಚೇಂಜ್ ಅದನ್ನು ಎದುರಿಗಿದ್ದ ಅಗ್ಗದ ಮಾರಾಟಗಾರನಿಗೆ ಜೋಡಿಸಿತು. ಅವನು ಕೇಳುತ್ತಿದ್ದುದು ₹9.50. ನಿಮ್ಮ ಖಾತೆಯಿಂದ ₹4,750 ಹೋಯಿತು, ಶುಲ್ಕ ಬೇರೆ. ಆ ಕ್ಷಣಕ್ಕೆ ‘ಕೊನೆಯ ವ್ಯವಹಾರ’ ನಿಮ್ಮದೇ ಆದ್ದರಿಂದ LTP ಕೂಡ ₹6ರಿಂದ ₹9.50ಕ್ಕೆ ನೆಗೆಯಿತು. ಸ್ವಲ್ಪ ಮುಂಚೆ ₹6 ನೋಡಿದ್ದ ಇನ್ನೊಬ್ಬರಿಗೆ ಈ ಕಾಲ್ ಶೇಕಡ 58 ಏರಿದಂತೆ ಕಂಡಿರುತ್ತದೆ! ಆಮೇಲೆ ಯಾರೋ ಒಬ್ಬರು ತಮ್ಮಲ್ಲಿದ್ದ ಒಂದು ಲಾಟನ್ನು ಬಿಡ್ ಬೆಲೆಗೆ, ₹4.10ಕ್ಕೆ, ಮಾರಿದರು. LTP ₹4.10 ಆಯಿತು. ನಿಮ್ಮ ಆ್ಯಪ್ ಲಾಭನಷ್ಟ ಲೆಕ್ಕ ಹಾಕುವುದು LTP ಹಿಡಿದೇ. 9.50ರಲ್ಲಿ 4.10 ಕಳೆದರೆ 5.40, ಅದನ್ನು 500ರಿಂದ ಗುಣಿಸಿದರೆ ₹2,700. ಷೇರು ಕದಲಬೇಕಾದ ಅಗತ್ಯವೇ ಇಲ್ಲ.

ನಿಜ ಹೇಳಬೇಕೆಂದರೆ ಆ ₹2,700 ಅರ್ಧ ಗಂಟೆಯಲ್ಲಿ ಹೋದದ್ದಲ್ಲ. ಕೊಂಡ ಕ್ಷಣದಲ್ಲೇ ಮಾರಲು ಹೋಗಿದ್ದರೂ ಸಿಗುತ್ತಿದ್ದುದು ₹4.10 ಮಾತ್ರ. ಆ್ಯಪ್ ಅದನ್ನು ತಡವಾಗಿ ತೋರಿಸಿತು, ಅಷ್ಟೇ.

ಬಿಡ್ ಮತ್ತು ಆಸ್ಕ್ ನಡುವಿನ ಈ ಅಂತರಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಅದನ್ನು ರೂಪಾಯಿಯಲ್ಲಿ ನೋಡಬೇಡಿ, ಆಪ್ಷನ್ನಿನ ಬೆಲೆಗೆ ಹೋಲಿಸಿ ನೋಡಿ. 1000ದ ಕಾಲ್‌ನಲ್ಲಿ ಅಂತರ 30 ಪೈಸೆ, ಬೆಲೆಯ ಶೇಕಡ ಒಂದರಷ್ಟು. 1080ರಲ್ಲಿ ಬಿಡ್-ಆಸ್ಕ್ ನಡುಮಧ್ಯ ₹6.80, ಅಂತರ ₹5.40, ಅಂದರೆ ಶೇಕಡ 79. ಹೊಸಬರಿಗೆ ಅಗ್ಗವಾಗಿ ಕಾಣುವ ದೂರದ ಸ್ಟ್ರೈಕ್‌ಗಳೇ ಒಳಹೊಕ್ಕು ಹೊರಬರುವ ಖರ್ಚಿನಲ್ಲಿ ಅತಿ ದುಬಾರಿ. ನನ್ನನ್ನು ಕೇಳಿದರೆ, ಚೈನ್ ತೆರೆದಾಗ ಮೊದಲು ಓದಬೇಕಾದದ್ದು ಈ ಅಂತರವನ್ನೇ. LTP ಕಾಲಂ ಪರದೆಯಿಂದ ಅಳಿಸಿಹೋದರೂ ನಷ್ಟವಿಲ್ಲ.

LTP ಹಳಸಿದೆಯೇ ಎಂದು ಪತ್ತೆ ಮಾಡುವ ಗುರುತುಗಳು ಅದೇ ಪಟ್ಟಿಯಲ್ಲಿವೆ. 1060ರ ಸಾಲು ನೋಡಿ: LTP ₹5.20, ಆದರೆ ಈಗ ಒಬ್ಬರು ₹7.20 ಕೊಟ್ಟು ಕೊಳ್ಳಲು ನಿಂತಿದ್ದಾರೆ. ಏಳು ರೂಪಾಯಿ ಕೊಡುವವರು ಎದುರಿಗಿರುವಾಗ ಐದಕ್ಕೆ ಯಾರು ಮಾರುತ್ತಾರೆ? LTP ಹೀಗೆ ಬಿಡ್-ಆಸ್ಕ್ ನಡುವಿನಿಂದ ಹೊರಗೆ ಬಿದ್ದಿದ್ದರೆ ಅದು ಬಿಡ್-ಆಸ್ಕ್ ಬೇರೆ ಇದ್ದಾಗಿನ ವ್ಯವಹಾರ. ಇನ್ನೊಂದು ಗುರುತು ಮೇಲಿನಿಂದ ಕೆಳಗೆ ಓದಿದಾಗ ಸಿಗುತ್ತದೆ. ₹1,060ಕ್ಕೆ ಕೊಳ್ಳುವ ಹಕ್ಕು ₹1,080ಕ್ಕೆ ಕೊಳ್ಳುವ ಹಕ್ಕಿಗಿಂತ ಅಗ್ಗವಾಗಿರಲು ಸಾಧ್ಯವಿಲ್ಲ. ಆದರೂ LTP ಕಾಲಂನಲ್ಲಿ 1060ಕ್ಕೆ 5.20, 1080ಕ್ಕೆ 6.00! ಎರಡರಲ್ಲಿ ಒಂದಾದರೂ ಹಳೆಯದು ಎಂದು ಇಷ್ಟರಲ್ಲೇ ಗೊತ್ತಾಗುತ್ತದೆ. ಬಿಡ್ ಕಾಲಂನಲ್ಲಿ, ಆಸ್ಕ್ ಕಾಲಂನಲ್ಲಿ ಬೆಲೆಗಳು ಸರಿಯಾದ ಕ್ರಮದಲ್ಲೇ ಇಳಿದಿವೆ ನೋಡಿ.

ಉಳಿದದ್ದು VOLUME. ಅವತ್ತು ಬೆಳಿಗ್ಗೆಯಿಂದ ಎಷ್ಟು ಕೈ ಬದಲಾಯಿತು ಎಂಬ ಮೊತ್ತ ಇದು. ಒಬ್ಬರು ಮಾರಿ ಇನ್ನೊಬ್ಬರು ಕೊಂಡರೆ ಒಂದೇ ಎಂದು ಲೆಕ್ಕ. ಎನ್‌ಎಸ್‌ಇ ಪುಟದಲ್ಲಿ ಇದು ಕಾಂಟ್ರಾಕ್ಟ್ ಲೆಕ್ಕದಲ್ಲಿರುತ್ತದೆ, ಕೆಲವು ಆ್ಯಪ್‌ಗಳಲ್ಲಿ ಷೇರುಗಳ ಲೆಕ್ಕದಲ್ಲಿ. ಸಂಖ್ಯೆ 500ರಿಂದ ಭಾಗವಾಗದೆ 7, 31 ಎಂದಿದ್ದರೆ ಕಾಂಟ್ರಾಕ್ಟ್ ಎಂದೇ ತಿಳಿಯಿರಿ; ಅದೇ 31 ಬೇರೆ ಪರದೆಯಲ್ಲಿ 15,500 ಎಂದು ಕಾಣುತ್ತದೆ. ಇಡೀ ದಿನಕ್ಕೆ 7 ಎಂದರೆ ಗಂಟೆಗೊಂದು ವ್ಯವಹಾರವೂ ಖಾತ್ರಿಯಿಲ್ಲ. ಆದರೆ ವಾಲ್ಯೂಮ್ ದೊಡ್ಡದಿದ್ದ ಮಾತ್ರಕ್ಕೆ ಈಗಲೂ ಜನ ಇದ್ದಾರೆ ಎಂದಲ್ಲ. ಬೆಳಿಗ್ಗೆಯ ಗದ್ದಲದಲ್ಲಿ ಬೆಳೆದ ಅಂಕಿ ಸಂಜೆವರೆಗೂ ಕುಂದುವುದಿಲ್ಲ. ಅದಕ್ಕೇ ಕೊನೆಯ ಮಾತು ಸ್ಪ್ರೆಡ್‌ನದ್ದು.

ಒಂದು ಎಚ್ಚರ. ಎನ್‌ಎಸ್‌ಇ ಪುಟದಲ್ಲಿ ಪುಟ್ ಬದಿಯ ಕಾಲಂಗಳು ಕಾಲ್ ಬದಿಯ ಕನ್ನಡಿಬಿಂಬ ಎಂದು ಹಲವರು ತಿಳಿಯುತ್ತಾರೆ. ಪೂರ್ತಿ ಹಾಗಿಲ್ಲ, BID, ASK ಎರಡೂ ಬದಿಯಲ್ಲಿ ಅದೇ ಕ್ರಮದಲ್ಲಿವೆ, ಬಿಡ್ ಎಡಕ್ಕೆ. ಜಾಗ ನೋಡಿ ಓದಬೇಡಿ, ತಲೆಬರಹ ನೋಡಿ ಓದಿ. ಭಾನುವಾರ ತೋಟದ ಕೆಲಸ ಮುಗಿಸಿ ನಿಧಾನಕ್ಕೆ ಚೈನ್ ನೋಡುತ್ತೇನೆ ಎಂದರೆ ಕಲಿಯಲು ಅಡ್ಡಿಯಿಲ್ಲ, ಆದರೆ ಆಗ ಕಾಣುವ ಬಿಡ್-ಆಸ್ಕ್ ಯಾರದ್ದೂ ಅಲ್ಲ. ಅವು ಜೀವಂತ ಇರುವುದು ಪೇಟೆ ತೆರೆದಿರುವಾಗ ಮಾತ್ರ. ಅದರಲ್ಲೂ ಮೊದಲ ಕೆಲವು ನಿಮಿಷ ಅಂತರ ವಿಪರೀತ ಅಗಲವಾಗಿರುತ್ತದೆ.

ಹಾಗಾದರೆ ಆ ದಿನ ಏನು ಮಾಡಬಹುದಿತ್ತು? ₹10ರ ಬದಲು ನಡುಮಧ್ಯದ ₹6.80ಕ್ಕೆ ಲಿಮಿಟ್ ಹಾಕಿದ್ದರೆ BID ಕಾಲಂ 4.10ರಿಂದ 6.80ಕ್ಕೆ ಏರುತ್ತಿತ್ತು; ಅಲ್ಲಿ ನಿಂತಿರುತ್ತಿದ್ದುದು ನೀವೇ. ಮಾರುವವರು ಕೆಳಗಿಳಿದು ಬಂದರೆ ಸಿಗುತ್ತಿತ್ತು. ಬಾರದಿದ್ದರೆ ಹತ್ತಿಪ್ಪತ್ತು ಪೈಸೆ ಏರಿಸಿ ನೋಡಬಹುದಿತ್ತು, ಇಲ್ಲವೇ ಆರ್ಡರ್ ರದ್ದು ಮಾಡಿ ಸುಮ್ಮನಿರಬಹುದಿತ್ತು.

ಈಗ ಕೈಯಲ್ಲಿರುವುದನ್ನು ಬಿಡುವುದಾದರೂ ಇದೇ ಕ್ರಮ, ತಿರುಗುಮುರುಗಾಗಿ: ₹4.10ಕ್ಕೆ ಕೊಟ್ಟುಬಿಡುವ ಮೊದಲು ₹6.50ರ ಸುಮಾರಿಗೆ ಮಾರಾಟದ ಲಿಮಿಟ್ ಇಟ್ಟು ಕಾಯಿರಿ. ತುಂಬ ದಿನ ಕಾಯುವ ಹಾಗಿಲ್ಲ, ಷೇರು ಹೀಗೇ ನಿಂತಿದ್ದರೆ ದಿನಗಳೆದಂತೆ ಬಿಡ್ ತಾನಾಗಿ ಕರಗುತ್ತದೆ. ಅಸಲು ಹುಟ್ಟಲು ಎಕ್ಸ್‌ಪೈರಿಯ ದಿನ ಷೇರು ₹1,089.50 ದಾಟಬೇಕು. ಅದು ₹1,080ಕ್ಕಿಂತ ಮೇಲೆ ನಿಂತರೆ ಇನ್ನೊಂದು ಸಂಗತಿ ಎದುರಾಗುತ್ತದೆ: ನಿಫ್ಟಿಯ ಆಪ್ಷನ್‌ನಂತೆ ಕಂಪನಿ ಷೇರಿನ ಆಪ್ಷನ್ ಬರೀ ದುಡ್ಡಿನಲ್ಲಿ ಚುಕ್ತಾ ಆಗುವುದಿಲ್ಲ. 500 ಷೇರುಗಳನ್ನೇ ತೆಗೆದುಕೊಳ್ಳಬೇಕು, ಅದಕ್ಕೆ ₹5,40,000 ಬೇಕು. ಎಕ್ಸ್‌ಪೈರಿಗೆ ಕೆಲವು ದಿನ ಮುಂಚಿನಿಂದಲೇ ಬ್ರೋಕರ್ ಇದಕ್ಕೆ ಮಾರ್ಜಿನ್ ಕೇಳಲು ಶುರುಮಾಡುತ್ತಾರೆ. ಅಷ್ಟು ಹಣ ಇಡುವ ಮನಸ್ಸಿಲ್ಲದಿದ್ದರೆ ಅದಕ್ಕೂ ಮೊದಲೇ, BID ಕಾಲಂನಲ್ಲಿ ಯಾರಾದರೂ ಇರುವಾಗಲೇ ಮಾರಿಬಿಡಿ.