ಹಾಲು ಮೊಸರಿದ್ದರೂ ಬಿ12 ಸಾಲದೇಕೆ?

ರಕ್ತಪರೀಕ್ಷೆಯ ವರದಿಯಲ್ಲಿ ಬಿ12 ಎದುರು 150 ಎಂದೋ 170 ಎಂದೋ ಬರೆದಿದ್ದನ್ನು ಕಂಡ ಸಸ್ಯಾಹಾರಿಗಳು ವೈದ್ಯರ ಮುಂದೆ ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ದಿನಾ ಹಾಲು, ಮೊಸರು ತಗೋತೀನಲ್ಲ ಡಾಕ್ಟ್ರೇ!" ಮಾತಿನಲ್ಲಿ ಸುಳ್ಳಿಲ್ಲ. ಹಾಲಿನಲ್ಲಿ ಬಿ12 ಇದೆ, ಅದು ದೇಹಕ್ಕೆ ಚೆನ್ನಾಗಿ ಹತ್ತುತ್ತದೆ ಕೂಡ. ಆದರೆ ಲೋಟದಲ್ಲಿ ನಿಜಕ್ಕೂ ಎಷ್ಟು ಹಾಲಿದೆ, ಅದನ್ನು ಎಷ್ಟು ಹೊತ್ತು ಕಾಯಿಸಿದ್ದಾರೆ ಎಂಬ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಕೋಬಾಲಮಿನ್ ಎಂದೂ ಕರೆಯುವ ಈ ಬಿ12 ವಿಟಮಿನ್‌ಗಳಲ್ಲೇ ವಿಚಿತ್ರದ್ದು. ಗಿಡಗಳು ಇದನ್ನು ತಯಾರಿಸುವುದಿಲ್ಲ, ಪ್ರಾಣಿಗಳೂ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳಿಗೆ ಮಾತ್ರ ಆ ವಿದ್ಯೆ ಗೊತ್ತು. ಹಸುವಿನ ಮೆಲುಕುಚೀಲದಲ್ಲಿರುವ ಬ್ಯಾಕ್ಟೀರಿಯಾ ತಯಾರಿಸಿದ್ದು ಹಸುವಿನ ರಕ್ತಕ್ಕೆ ಸೇರಿ, ಅಲ್ಲಿಂದ ಹಾಲಿಗೆ ಬರುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ಅಂಥ ಬ್ಯಾಕ್ಟೀರಿಯಾ ಇವೆ. ಆದರೆ ಬಿ12 ಹೀರಿಕೊಳ್ಳುವ ಜಾಗ ಇರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ, ಅಂದರೆ ಅದಕ್ಕಿಂತ ಮೊದಲೇ. ಹಾಗಾಗಿ ದೊಡ್ಡ ಕರುಳಿನಲ್ಲಿ ತಯಾರಾದದ್ದು ಬಹುಪಾಲು ಹೊರಗೆ ಹೋಗುತ್ತದೆ.

ಇದೆಲ್ಲ ತಿಳಿಯುವುದಕ್ಕೆ ಬಹಳ ಕಾಲ ಹಿಡಿಯಿತು. ಹತ್ತೊಂಬತ್ತನೇ ಶತಮಾನದ ವೈದ್ಯರಿಗೆ ಒಂದು ಮಾರಕ ರಕ್ತಹೀನತೆ ಗೊತ್ತಿತ್ತು, ಮದ್ದು ಗೊತ್ತಿರಲಿಲ್ಲ. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ದಿನವೂ ಇನ್ನೂರು ಗ್ರಾಂ ಆಸುಪಾಸು ಪಿತ್ತಜನಕಾಂಗ, ಅಂದರೆ ಲಿವರ್ ತಿನ್ನಿಸಿ ಅಂಥ ರೋಗಿಗಳನ್ನು ಬದುಕಿಸಿದರು. ಲಿವರ್‌ನಲ್ಲಿದ್ದ ಆ ಮದ್ದನ್ನು ಕೆಂಪು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದು 1948ರಲ್ಲಿ. ನಡುವೆ, 1940ರ ದಶಕದಲ್ಲಿ, ಒಂದು ಎಡವಟ್ಟೂ ಆಯಿತು. ಆಗಷ್ಟೇ ಸಿಕ್ಕಿದ್ದ ಇನ್ನೊಂದು ಬಿ ವಿಟಮಿನ್ ಫೋಲಿಕ್ ಆಮ್ಲವನ್ನು ಈ ರೋಗಿಗಳಿಗೆ ಕೊಟ್ಟಾಗ ರಕ್ತ ಸುಧಾರಿಸಿತು, ನರಗಳು ಮಾತ್ರ ಹಾಳಾಗುತ್ತಲೇ ಹೋದವು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಸೊಪ್ಪು, ಬೇಳೆ ಧಾರಾಳವಾಗಿ ತಿನ್ನುವ ನಮ್ಮ ಊಟದಲ್ಲಿ ಅದೇ ವಿಟಮಿನ್ನಿನ ಸಹಜ ರೂಪವಾದ ಫೋಲೇಟ್‌ಗೆ ಅಷ್ಟು ಬರವಿಲ್ಲ. ಅದರಿಂದಲೇ ಎಷ್ಟೋ ಜನರಲ್ಲಿ ಹಿಮೋಗ್ಲೋಬಿನ್ ಸರಿಯಾಗಿದ್ದು, ಕಾಲು ಜೋಮು ಹಿಡಿಯುವುದೇ ಕೊರತೆಯ ಮೊದಲ ಸೂಚನೆಯಾಗುತ್ತದೆ.

ಲಿವರ್ ತಿಂದು ಬದುಕಿದ ಆ ರೋಗಿಗಳ ತೊಂದರೆ ಊಟದ್ದಲ್ಲ, ಜಠರದ್ದು. ಬಿ12 ಅನ್ನು ಕರುಳಿಗೆ ಒಯ್ಯುವ ಪ್ರೊಟೀನ್ ಅವರ ಜಠರದಲ್ಲಿ ತಯಾರಾಗುತ್ತಿರಲಿಲ್ಲ. ಊಟದಿಂದಲೇ ಕೊರತೆ ಬರಬಹುದು ಎಂಬುದು ಸ್ಪಷ್ಟವಾಗಿದ್ದು 1950ರ ದಶಕದಲ್ಲಿ, ಹಾಲನ್ನೂ ಬಿಟ್ಟಿದ್ದ ಇಂಗ್ಲೆಂಡಿನ ವೀಗನ್ನರನ್ನು ಪರೀಕ್ಷಿಸಿದಾಗ. ಹಾಲು ಕುಡಿಯುವ ಭಾರತೀಯರಿಗೆ ಆ ಚಿಂತೆ ಇಲ್ಲವೆಂದು ಯಾರಾದರೂ ಅಂದುಕೊಂಡಿದ್ದರೆ, ಅದನ್ನು ತಲೆಕೆಳಗು ಮಾಡಿದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು.

1962ರಲ್ಲಿ ಅಲ್ಲಿನ ವೈದ್ಯರು ತಾಯಿಹಾಲಿನ ಮೇಲೇ ಬೆಳೆದ ಕೆಲವು ಶಿಶುಗಳ ವಿವರ ಪ್ರಕಟಿಸಿದರು. ಮಕ್ಕಳು ಮಂಕಾಗಿದ್ದವು, ಕಲಿತದ್ದನ್ನು ಮರೆಯುತ್ತಿದ್ದವು, ಕೈಕಾಲು ತಾವಾಗಿಯೇ ಅದುರುತ್ತಿದ್ದವು, ಚರ್ಮ ಕಪ್ಪಾಗಿತ್ತು. ತಾಯಂದಿರ ರಕ್ತದಲ್ಲೂ ಹಾಲಿನಲ್ಲೂ ಬಿ12 ತೀರ ಕಡಿಮೆಯಿತ್ತು. ಬಿ12 ಕೊಟ್ಟೊಡನೆ ಮಕ್ಕಳು ಚೇತರಿಸಿಕೊಂಡವು. ಮರುವರ್ಷ ವೆಲ್ಲೂರಿನಿಂದಲೇ ಇನ್ನೊಂದು ವರದಿ ಬಂತು: ಬೆರಳ ಗೆಣ್ಣುಗಳು, ಅಂಗೈ, ಅಂಗಾಲು ಕಪ್ಪಾಗುವುದು ಬಿ12 ಕೊರತೆಯ ಗುರುತು ಎಂದು. ಇವತ್ತಿಗೂ ಅನುಭವಿ ವೈದ್ಯರು ರೋಗಿಯ ಕೈ ಹಿಡಿದು ಮೊದಲು ಗೆಣ್ಣು ನೋಡುತ್ತಾರೆ. ಖರ್ಚಿಲ್ಲದ ಪರೀಕ್ಷೆ ಅದು. ಬಿಸಿಲಿಗೆ ಕಪ್ಪಾಗಿದೆ ಎಂದು ನಾವೇ ತಳ್ಳಿಹಾಕುವುದೇ ಹೆಚ್ಚು.

ದೇಹಕ್ಕೆ ಬಿ12 ಉಳಿತಾಯದ ಬುದ್ಧಿ ಚೆನ್ನಾಗಿದೆ. ತುಂಬಿದ ಲಿವರ್‌ನಲ್ಲಿರುವ ದಾಸ್ತಾನು ವರ್ಷಗಟ್ಟಲೆ ಬರುತ್ತದೆ. ಮಾಂಸಾಹಾರ ಬಿಟ್ಟವರಿಗೆ ಕೂಡಲೇ ಏನೂ ಆಗದಿರುವುದು ಇದರಿಂದಲೇ. ಆದರೆ ಹುಟ್ಟಿನಿಂದ ಸಸ್ಯಾಹಾರಿಯಾದ ಮಗುವಿಗೆ ತಾಯಿಯ ದಾಸ್ತಾನೇ ಬಂಡವಾಳ, ತಾಯಿಗೆ ಅವಳ ತಾಯಿಯದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ನೋಂದಾಯಿಸಿಕೊಂಡ ಗರ್ಭಿಣಿಯರ ರಕ್ತವನ್ನು ಆಮೇಲೆ ಪರೀಕ್ಷಿಸಿದಾಗ ಶೇಕಡ 43ರಷ್ಟು ಮಂದಿಗೆ ಬಿ12 ಕಡಿಮೆಯಿತ್ತು. ಅವರಲ್ಲಿ ಎಲ್ಲರೂ ಸಸ್ಯಾಹಾರಿಗಳಲ್ಲ ಎಂಬುದನ್ನೂ ಹೇಳಬೇಕು. ತಿಂಗಳಿಗೊಮ್ಮೆ ಕೋಳಿ ಸಾರು ಮಾಡುವ ಮನೆಯ ಪರಿಸ್ಥಿತಿ ಸಸ್ಯಾಹಾರಿ ಮನೆಗಿಂತ ಬಹಳ ಬೇರೆಯೇನಲ್ಲ.

ಈಗ ಹಾಲಿನ ಲೆಕ್ಕಕ್ಕೆ ಬರೋಣ. ನೂರು ಮಿಲಿ ಹಸುವಿನ ಹಾಲಿನಲ್ಲಿ ಹೆಚ್ಚುಕಡಿಮೆ 0.45 ಮೈಕ್ರೋಗ್ರಾಂ ಬಿ12 ಇರುತ್ತದೆ. ವಯಸ್ಕರಿಗೆ ದಿನಕ್ಕೆ 2.2 ಮೈಕ್ರೋಗ್ರಾಂ ಬೇಕೆಂದು ಐಸಿಎಂಆರ್ 2020ರಲ್ಲಿ ನಿಗದಿ ಮಾಡಿದೆ. ನಮ್ಮ ಕಡೆಯ ಒಂದು ಮಾಮೂಲಿ ದಿನವನ್ನೇ ತೆಗೆದುಕೊಳ್ಳಿ. ಬೆಳಗ್ಗೆ, ಸಂಜೆ ಒಂದೊಂದು ಫಿಲ್ಟರ್ ಕಾಫಿ, ಎರಡಕ್ಕೂ ಸೇರಿ 120 ಮಿಲಿ ಹಾಲು. ಮಧ್ಯಾಹ್ನ ಅನ್ನಕ್ಕೆ 150 ಮಿಲಿ ಮೊಸರು. ರಾತ್ರಿ ಒಂದು ಲೋಟ ನೀರುಮಜ್ಜಿಗೆ, ಅದರಲ್ಲಿರುವ ಮೊಸರು 50 ಮಿಲಿ. ಒಟ್ಟು 320 ಮಿಲಿ, ಅಂದರೆ 1.4 ಮೈಕ್ರೋಗ್ರಾಂ. ಹಾಲನ್ನು ಎರಡರಿಂದ ಐದು ನಿಮಿಷ ಕುದಿಸಿದರೆ ಬಿ12 ಸುಮಾರು ಶೇಕಡ 30ರಷ್ಟು ಹಾಳಾಗುತ್ತದೆ, ಅರ್ಧ ಗಂಟೆ ಕುದಿಸಿದರೆ ಅರ್ಧದಷ್ಟು. ಉಳಿಯುವುದು ಒಂದು ಮೈಕ್ರೋಗ್ರಾಂ. ಹೆಪ್ಪು ಹಾಕಿದ ಮೇಲೆ ಮೊಸರಿನ ಬ್ಯಾಕ್ಟೀರಿಯಾ ಕೂಡ ತಮ್ಮ ಪಾಲು ತೆಗೆದುಕೊಳ್ಳುತ್ತವೆ. ತುಪ್ಪದಲ್ಲಿ ಬಿ12 ಇಲ್ಲವೇ ಇಲ್ಲ. ಅಲ್ಲಿಗೆ "ದಿನಾ ಹಾಲು, ಮೊಸರು" ತೆಗೆದುಕೊಳ್ಳುವ ಮನೆಯಲ್ಲೂ ಬೇಕಾದದ್ದರ ಅರ್ಧ ಮುಟ್ಟುವುದು ಕಷ್ಟ.

ಹಾಲೊಂದರಿಂದಲೇ ಪೂರೈಸಬೇಕಾದರೆ ಕುದಿಸಿದ ಹಾಲು ದಿನಕ್ಕೆ ಸುಮಾರು 700 ಮಿಲಿ ಬೇಕು. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿದ್ದು. ಆ ವಿಧಾನದಲ್ಲಿ ನಷ್ಟವಾಗುವುದು ಶೇಕಡ 5ರಿಂದ 10 ಮಾತ್ರ. ಅದನ್ನು ಮತ್ತೆ ಮತ್ತೆ ಮರಳಿಸದೆ ಬಿಸಿ ಮಾಡಿ ಕುಡಿದರೆ ಅರ್ಧ ಲೀಟರಿನಲ್ಲಿ ಕೆಲಸ ಆಗುತ್ತದೆ. ಕರೆದ ಹಾಲು ತರುವವರು ಕಾಯಿಸದೆ ಬಿಡುವಂತಿಲ್ಲ, ಅದು ಬೇರೆ ಮಾತು. ಮನೆಯಲ್ಲಿ ಯಾರ ಪಾಲಿಗೆ ಅರ್ಧ ಲೀಟರ್ ಬರುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಮಕ್ಕಳಿಗೆ ಲೋಟ ತುಂಬಿಸಿ, ಗಂಡಸರಿಗೆ ಕಾಫಿ ಕೊಟ್ಟು, ಕೊನೆಗೆ ಪಾತ್ರೆಯಲ್ಲಿ ಉಳಿದದ್ದು ಅಮ್ಮನಿಗೆ ಎಂಬ ಪದ್ಧತಿ ಎಷ್ಟೋ ಮನೆಗಳಲ್ಲಿ ಇನ್ನೂ ಹೋಗಿಲ್ಲ.

ಹಾಗಾದರೆ ಸಾರವರ್ಧಿತ, ಅಂದರೆ ಪೋಷಕಾಂಶ ಸೇರಿಸಿದ ಆಹಾರ? 2021ರ ಸ್ವಾತಂತ್ರ್ಯ ದಿನದಂದು ಪ್ರಧಾನಿ ಘೋಷಿಸಿದ ಯೋಜನೆಯಂತೆ ಪಡಿತರ ಅಂಗಡಿಗೂ ಶಾಲೆಯ ಬಿಸಿಯೂಟಕ್ಕೂ ಸಾರವರ್ಧಿತ ಅಕ್ಕಿ ಬಂತು. ಪ್ಲಾಸ್ಟಿಕ್ ಅಕ್ಕಿ ಎಂದು ಗಾಬರಿಯಾಗಿ ಜನ ಆರಿಸಿ ಎಸೆದ ಬಿಳಿಚು ಕಾಳುಗಳೇ ಅದರ ಸಾರ. ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಅದರಲ್ಲಿ ಕಬ್ಬಿಣ, ಫೋಲಿಕ್ ಆಮ್ಲದ ಜೊತೆ ಬಿ12 ಕೂಡ ಇದೆ. ಆದರೆ ಪ್ರಮಾಣ ನೋಡಿ: ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಒಂದು ಕಿಲೋ ಅಕ್ಕಿಗೆ 0.75ರಿಂದ 1.25 ಮೈಕ್ರೋಗ್ರಾಂ. ದಿನಕ್ಕೆ 300 ಗ್ರಾಂ ಅಕ್ಕಿ ಉಣ್ಣುವವರಿಗೂ ಸಿಗುವುದು 0.3 ಮೈಕ್ರೋಗ್ರಾಂ, ಒಂದು ಸಣ್ಣ ಲೋಟ ಹಾಲಿನಷ್ಟು. ಕಬ್ಬಿಣಕ್ಕಾಗಿ ಈ ಅಕ್ಕಿಯ ಬಗ್ಗೆ ಏನು ಬೇಕಾದರೂ ವಾದ ಮಾಡಬಹುದು, ಬಿ12 ಮಟ್ಟಿಗೆ ಅದು ಹೆಸರಿಗಷ್ಟೇ. ಪ್ಯಾಕೆಟ್ ಹಾಲಿನ ಮೇಲೂ ಸಾರವರ್ಧಿತ ಎಂಬ ಮುದ್ರೆ ಇರುತ್ತದೆ. ಅದು ಎ ಮತ್ತು ಡಿ ವಿಟಮಿನ್‌ಗಳಿಗೆ, ಬಿ12ಗೆ ಅಲ್ಲ. ಇಷ್ಟೊಂದು ಸಸ್ಯಾಹಾರಿಗಳಿರುವ ದೇಶದಲ್ಲಿ ಇದು ವಿಚಿತ್ರವಾದ ಲೋಪವೇ ಸರಿ. ಬಿ12 ಸೇರಿಸಿದ ಸೋಯಾ ಹಾಲು, ಬೆಳಗಿನ ಸೀರಿಯಲ್ ಸಿಗುತ್ತವೆ. ಪ್ಯಾಕೆಟ್ ತಿರುಗಿಸಿ ಒಂದು ಸರ್ವಿಂಗ್‌ಗೆ ಎಷ್ಟು ಮೈಕ್ರೋಗ್ರಾಂ ಎಂದು ನೋಡಿಯೇ ಕೊಳ್ಳಬೇಕು. ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನು ನಂಬಬೇಡಿ. ಅದರಲ್ಲಿರುವುದರ ಬಹುಪಾಲು ಬಿ12 ಹೋಲುವ, ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ವಸ್ತು. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ತುಂಬುತ್ತದೆ ಎಂಬ ವಾಟ್ಸಾಪ್ ಮಾತನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಔಷಧಿ ಅಂಗಡಿಯ ಮಾತ್ರೆಯಲ್ಲಿ 500, 1000, 1500 ಮೈಕ್ರೋಗ್ರಾಂ ಇರುವುದನ್ನು ನೋಡಿ, 2.2 ಬೇಕಾದಲ್ಲಿ ಇಷ್ಟೇಕೆ ಎಂದು ಅನುಮಾನ ಬರುವುದು ಸಹಜ. ಜಠರದ ಆ ವಾಹಕ ಪ್ರೊಟೀನಿನ ದಾರಿಯಲ್ಲಿ ಒಂದು ಹೊತ್ತಿಗೆ ಒಳಗೆ ಹೋಗುವುದು ಒಂದೂವರೆ, ಎರಡು ಮೈಕ್ರೋಗ್ರಾಂ ಅಷ್ಟೇ. ಆಮೇಲೆ ಕೆಲವು ಗಂಟೆ ಬಾಗಿಲು ಮುಚ್ಚಿದಂತೆ. ಅದಕ್ಕೂ ಮೀರಿ ನುಂಗಿದ್ದರಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಕರುಳಿನ ಗೋಡೆಯಿಂದ ತಾನಾಗಿ ಒಸರುತ್ತದೆ. ಹಾಗಾಗಿ 1000 ಮೈಕ್ರೋಗ್ರಾಂ ಮಾತ್ರೆಯಿಂದ ರಕ್ತಕ್ಕೆ ಸೇರುವುದು ಹತ್ತು ಚಿಲ್ಲರೆ. ಹಾಲಿನ ಗುಣ ಇದಕ್ಕೆ ತಿರುಗುಮುರುಗು: ಕೊಡುವುದು ಸ್ವಲ್ಪ, ಹತ್ತುವುದು ಅರ್ಧದಷ್ಟು. ವೀಗನ್ ಸಂಸ್ಥೆಗಳು ದಿನಕ್ಕೆ 10 ಅಥವಾ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ ಎಂದು ಸಲಹೆ ಕೊಡುವುದು ಈ ಲೆಕ್ಕದ ಮೇಲೇ. ಎರಡರ ಫಲವೂ ಹತ್ತಿರ ಹತ್ತಿರ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಗರ್ಭಿಣಿಯರಿಗೆ ದಿನವೂ 50 ಮೈಕ್ರೋಗ್ರಾಂ ಕೊಟ್ಟ ಪ್ರಯೋಗದಲ್ಲಿ ತಾಯಂದಿರ ರಕ್ತದಲ್ಲೂ ಎದೆಹಾಲಿನಲ್ಲೂ ಬಿ12 ಏರಿತ್ತು.

ನಮ್ಮಲ್ಲಿ ಹೆಚ್ಚು ಮಾರಾಟವಾಗುವುದು ಮೀಥೈಲ್‌ಕೋಬಾಲಮಿನ್. ಸಯನೋಕೋಬಾಲಮಿನ್ ಅಗ್ಗ, ಕೆಡುವುದೂ ಕಡಿಮೆ, ಸಾಮಾನ್ಯ ಕೊರತೆಗೆ ಅಷ್ಟೇ ಸಾಕು. ಎರಡನ್ನೂ ಕಾರ್ಖಾನೆಯಲ್ಲಿ ತಯಾರಿಸುವುದು ಬ್ಯಾಕ್ಟೀರಿಯಾದಿಂದ, ಮಾಂಸದಿಂದಲ್ಲ. ಕ್ಯಾಪ್ಸೂಲಿನ ಹೊದಿಕೆ ಮಾತ್ರ ಜೆಲಟಿನ್ ಆಗಿರಬಹುದು, ಅದು ಬೇಡವಾದವರು ಮಾತ್ರೆ ಕೇಳಿ ತೆಗೆದುಕೊಳ್ಳಬಹುದು. ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುವವರು, ಗ್ಯಾಸ್ಟ್ರಿಕ್ ಎಂದು ದಿನಾ ಪ್ಯಾಂಟೊಪ್ರಜೋಲ್ ತೆಗೆದುಕೊಳ್ಳುವವರು ಸಸ್ಯಾಹಾರಿಗಳೂ ಆಗಿದ್ದರೆ ಹಾಲನ್ನು ನಂಬಿ ಕೂರುವಂತಿಲ್ಲ, ಹೀರಿಕೆಗೇ ಅಲ್ಲಿ ಅಡ್ಡಿ.

ಪರೀಕ್ಷೆ ಮಾಡಿಸುವುದಿದ್ದರೆ ಮಾತ್ರೆ ಶುರು ಮಾಡುವ ಮೊದಲೇ ಮಾಡಿಸಬೇಕು. ನಾಲ್ಕು ದಿನ ಮಾತ್ರೆ ನುಂಗಿದರೂ ರಕ್ತದ ಅಂಕಿ ಏರಿ, ಕೊರತೆ ಇತ್ತೋ ಇಲ್ಲವೋ ತಿಳಿಯದಂತಾಗುತ್ತದೆ. ಸಾಮಾನ್ಯವಾಗಿ ಒಂದು ಮಿಲಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ, 200ರಿಂದ 300 ಅನುಮಾನದ ವಲಯ. ಆಗ ವೈದ್ಯರು ಹೋಮೋಸಿಸ್ಟೀನ್ ಅಥವಾ ಮೀಥೈಲ್ ಮೆಲೋನಿಕ್ ಆಮ್ಲದ ಪರೀಕ್ಷೆ ಬರೆಯಬಹುದು. ಪಾದ ಜೋಮು, ಕತ್ತಲಲ್ಲಿ ನಡೆದರೆ ತೂರಾಡುವುದು, ಮರೆವು ಇದ್ದವರಿಗೆ ಮಾತ್ರೆಗಿಂತ ಮೊದಲು ಚುಚ್ಚುಮದ್ದು ಬೇಕಾಗುತ್ತದೆ. ಅಂಥವರು ಫೋಲಿಕ್ ಆಮ್ಲವೊಂದನ್ನೇ ಶುರು ಮಾಡಬಾರದು. ಚಿಕಿತ್ಸೆ ಸಿಕ್ಕ ಒಂದು ವಾರದೊಳಗೆ ಹೊಸ ರಕ್ತಕಣಗಳು ಏರುತ್ತವೆ, ಹಿಮೋಗ್ಲೋಬಿನ್ ಎರಡು ತಿಂಗಳಲ್ಲಿ ಸರಿಹೋಗುತ್ತದೆ. ನರಗಳಿಗೆ ಆರು ತಿಂಗಳು, ಒಂದು ವರ್ಷವೂ ಹಿಡಿಯಬಹುದು. ಬಹಳ ಕಾಲ ಬಿಟ್ಟ ಜೋಮು ಪೂರ್ತಿ ಹೋಗದೆಯೂ ಉಳಿಯುತ್ತದೆ.