ಎಚ್.ಎಂ. ಯಾರ ಪರ ಸಾಕ್ಷಿ? ಮನೋವಿಜ್ಞಾನದ ಉತ್ತರದಲ್ಲಿ ಮೌಲ್ಯಮಾಪನ

‘ಸ್ಮರಣೆಯ ಬಹುಸಂಗ್ರಹ ಮಾದರಿಯನ್ನು ವಿಮರ್ಶಾತ್ಮಕವಾಗಿ ಮೌಲ್ಯಮಾಪನ ಮಾಡಿ’ ಎಂಬ ಪ್ರಶ್ನೆಗೆ ಬರುವ ಉತ್ತರಗಳು ಹೆಚ್ಚಾಗಿ ಒಂದೇ ಅಚ್ಚಿನಲ್ಲಿರುತ್ತವೆ. ಎರಡು ಪುಟ ಮಾದರಿಯ ವಿವರಣೆ, ಸಂವೇದನಾ, ಅಲ್ಪಾವಧಿ, ದೀರ್ಘಾವಧಿ ಸ್ಮರಣೆಗಳಿಗೆ ಮೂರು ಚೌಕ, ನಡುವೆ ಬಾಣಗಳು. ಕೊನೆಗೆ ‘ಗುಣಗಳು’ ಎಂದು ನಾಲ್ಕು ಸಾಲು, ‘ಇತಿಮಿತಿಗಳು’ ಎಂದು ನಾಲ್ಕು ಸಾಲು. ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆ ಕೊಟ್ಟ ದಿನ ಆಳಂದ ಕಡೆಯ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿಗೆ ಬಂದು ಕೇಳಿದಳು: “ಸರ, ಪುಸ್ತಕದಾಗ ಇದ್ದಿದ್ದೆಲ್ಲಾ ಬರದೀನ್ರಿ. ಹದಿನೈದಕ್ಕ ಏಳೇ ಯಾಕ ಬಂದಾವ್ರಿ?”

ಅವಳು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೌಲ್ಯಮಾಪನದ ಭಾಗ ಹೀಗಿತ್ತು: ‘ಈ ಸಿದ್ಧಾಂತ ಸರಳವಾಗಿದೆ. ಇದಕ್ಕೆ ಪ್ರಯೋಗಗಳ ಬೆಂಬಲವಿದೆ. ಆದರೆ ಆ ಪ್ರಯೋಗಗಳು ಪ್ರಯೋಗಾಲಯದಲ್ಲಿ ನಡೆದಿವೆ. ಮಾನವನ ಸ್ಮರಣೆ ಇದಕ್ಕಿಂತ ಸಂಕೀರ್ಣವಾದದ್ದು.’ ನಾನು ಸಿದ್ಧಾಂತದ ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ, “ಇದು ಯಾವ ಸಿದ್ಧಾಂತದ ಬಗ್ಗೆ ಅಂತ ಈಗ ಹೇಳವ್ವಾ” ಅಂದೆ. ಅವಳಿಗೆ ಹೇಳಲಾಗಲಿಲ್ಲ. ಆ ನಾಲ್ಕು ಸಾಲನ್ನು ಕಲಿಕೆಯ ಸಿದ್ಧಾಂತಕ್ಕೂ ಅಂಟಿಸಬಹುದು, ಗ್ರಹಿಕೆಯ ಸಿದ್ಧಾಂತಕ್ಕೂ ಅಂಟಿಸಬಹುದು. ಹಾಗಾಗಿ ಪರೀಕ್ಷಕರಿಗೆ ಅಲ್ಲಿ ಅಂಕ ಕೊಡಲು ಏನೂ ಸಿಗುವುದಿಲ್ಲ.

ಒಂದು ಸಿದ್ಧಾಂತವನ್ನು ಇಡಿಯಾಗಿ ತೂಗಲು ಬರುವುದಿಲ್ಲ. ಅದು ನಿಜವಾಗಿ ಏನೇನು ಹೇಳುತ್ತಿದೆ ಎಂದು ಮೊದಲು ಬಿಡಿಸಿಕೊಳ್ಳಬೇಕು. ಅಟ್ಕಿನ್ಸನ್ ಮತ್ತು ಶಿಫ್ರಿನ್ 1968ರಲ್ಲಿ ಮಂಡಿಸಿದ ಈ ಮಾದರಿಯಲ್ಲಿ ನಮಗೆ ಬೇಕಾದ ಪ್ರತಿಪಾದನೆಗಳು ಮೂರು. ಅಲ್ಪಾವಧಿ ಸ್ಮರಣೆ ಮತ್ತು ದೀರ್ಘಾವಧಿ ಸ್ಮರಣೆ ಎರಡೂ ಬೇರೆ ಬೇರೆ ಎನ್ನುವುದು ಒಂದು. ಅಲ್ಪಾವಧಿಯ ಮೂಲಕ ಹಾದೇ ಮಾಹಿತಿ ದೀರ್ಘಾವಧಿಗೆ ಸೇರುತ್ತದೆ ಎನ್ನುವುದು ಇನ್ನೊಂದು. ಪುನರಾವರ್ತನೆ ಮಾಡಿದಷ್ಟೂ ಅದು ದೀರ್ಘಾವಧಿಯಲ್ಲಿ ನಿಲ್ಲುತ್ತದೆ ಎನ್ನುವುದು ಮತ್ತೊಂದು. ಮುಂದೆ ಬರೆಯುವ ಪ್ರತಿ ಅಧ್ಯಯನವೂ ಇವುಗಳಲ್ಲಿ ಯಾವುದನ್ನು ಮುಟ್ಟುತ್ತದೆ ಎಂದು ಹೇಳಿದರೆ ಮೌಲ್ಯಮಾಪನದ ಮುಕ್ಕಾಲು ಕೆಲಸ ಆದಂತೆ.

ಗ್ಲಾಂಜರ್ ಮತ್ತು ಕುನಿಟ್ಸ್ 1966ರಲ್ಲಿ ಮಾಡಿದ ಪ್ರಯೋಗವನ್ನು ನೋಡಿ. ಪದಗಳ ಪಟ್ಟಿಯೊಂದನ್ನು ಕೊಟ್ಟ ಕೂಡಲೇ ನೆನಪಿದ್ದಷ್ಟು ಹೇಳಿ ಎಂದರೆ ಜನ ಪಟ್ಟಿಯ ಆರಂಭದ ಪದಗಳನ್ನೂ ಕೊನೆಯ ಪದಗಳನ್ನೂ ಚೆನ್ನಾಗಿ ಹೇಳುತ್ತಾರೆ. ನಡುವಿನವು ಜಾರಿ ಹೋಗುತ್ತವೆ. ಆದರೆ ಪಟ್ಟಿ ಮುಗಿದ ಮೇಲೆ 30 ಸೆಕೆಂಡು ಎಣಿಕೆಯ ಕೆಲಸ ಕೊಟ್ಟು ಆಮೇಲೆ ಕೇಳಿದರೆ ಕೊನೆಯ ಪದಗಳ ಅನುಕೂಲ ಹೋಗಿಬಿಡುತ್ತದೆ, ಆರಂಭದವು ಮಾತ್ರ ಉಳಿಯುತ್ತವೆ. ವಿದ್ಯಾರ್ಥಿಗಳು ಇಷ್ಟು ಬರೆದು ‘ಆದ್ದರಿಂದ ಇದು ಮಾದರಿಯನ್ನು ಬೆಂಬಲಿಸುತ್ತದೆ’ ಎಂದು ನಿಲ್ಲಿಸುತ್ತಾರೆ. ಅಂಕ ಇರುವುದು ಅದರ ಮುಂದಿನ ವಾಕ್ಯದಲ್ಲಿ. ಒಂದೇ ಅಡ್ಡಿ ಒಂದು ಗುಂಪಿನ ಪದಗಳನ್ನು ಅಳಿಸಿ, ಇನ್ನೊಂದನ್ನು ಹಾಗೇ ಬಿಟ್ಟಿದೆ ಎಂದರೆ ಆ ಎರಡು ಗುಂಪು ಒಂದೇ ಕಡೆ ಇದ್ದಿರಲಾರವು. ಹಾಗಾಗಿ ಇದು ಮೊದಲ ಪ್ರತಿಪಾದನೆಗೆ ಬೆಂಬಲ. ಎರಡನೆಯದರ ಬಗ್ಗೆ ಇದು ಹೆಚ್ಚೇನೂ ಹೇಳುವುದಿಲ್ಲ. ಹೀಗೆ ಸಾಕ್ಷ್ಯದ ಎಲ್ಲೆಯನ್ನು ತಾನೇ ಗುರುತಿಸಿದ ಉತ್ತರವನ್ನು ಪರೀಕ್ಷಕರು ಎರಡು ಸಲ ಓದುತ್ತಾರೆ.

ಈಗ ಎಚ್.ಎಂ. ಎಂದು ಪುಸ್ತಕಗಳಲ್ಲಿ ಬರುವ ರೋಗಿಯ ವಿಷಯ. ತೀವ್ರ ಮೂರ್ಛೆರೋಗಕ್ಕಾಗಿ 1953ರಲ್ಲಿ ಅವರ ಮೆದುಳಿನ ಎರಡೂ ಬದಿಯಲ್ಲಿ ಹಿಪ್ಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಆಮೇಲೆ ಅವರಿಗೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲದಾದವು. ಆದರೆ ಅಂಕಿಗಳನ್ನು ಕೇಳಿ ಕೂಡಲೇ ಹೇಳುವ ಶಕ್ತಿ ಹಾಗೇ ಇತ್ತು. ಅಲ್ಪಾವಧಿ ಉಳಿದು, ದೀರ್ಘಾವಧಿಯ ದಾರಿ ಮುಚ್ಚಿದೆ. ಎಲ್ಲರೂ ಇದನ್ನು ‘ಗುಣಗಳು’ ಕೆಳಗೆ ಬರೆಯುತ್ತಾರೆ, ಅದು ಸರಿಯೇ.

ಆದರೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಎಚ್.ಎಂ.ಗೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ಎಳೆಯುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು, ತಪ್ಪು ಕಡಿಮೆಯಾದವು. ಹಿಂದೆ ಈ ಕೆಲಸ ಮಾಡಿದ್ದೇನೆ ಎಂಬುದೇ ಅವರಿಗೆ ನೆನಪಿರಲಿಲ್ಲ. ಘಟನೆಯ ನೆನಪು ನಿಲ್ಲದ ಮನುಷ್ಯನಲ್ಲಿ ಕೌಶಲದ ನೆನಪು ನಿಂತಿತು. ಹಾಗಾದರೆ ದೀರ್ಘಾವಧಿ ಸ್ಮರಣೆ ಒಂದೇ ಸಂಗ್ರಹವಲ್ಲ. ಅದರೊಳಗೇ ಬೇರೆ ಬೇರೆ ಬಗೆಗಳಿವೆ. ಮಾದರಿಯ ಚಿತ್ರದಲ್ಲಿ ಅದಕ್ಕೆ ಇರುವುದು ಒಂದೇ ಚೌಕ. ಒಬ್ಬನೇ ರೋಗಿ, ಎರಡೂ ಕಡೆ ಸಾಕ್ಷಿ. ‘ಗುಣಗಳು’, ‘ಇತಿಮಿತಿಗಳು’ ಎಂದು ಪುಟವನ್ನು ಸೀಳಿಕೊಂಡು ಬರೆಯುವವರಿಗೆ ಈ ಮಾತು ಹೇಳಲು ಜಾಗವೇ ಇರುವುದಿಲ್ಲ. ಅದಕ್ಕೇ ನನ್ನ ತರಗತಿಯಲ್ಲಿ ಆ ಎರಡು ತಲೆಬರಹಗಳನ್ನು ಬಿಡಿಸಿದ್ದೇನೆ. ಪ್ರತಿಪಾದನೆಯ ಹೆಸರನ್ನೇ ತಲೆಬರಹ ಮಾಡಿ ಎನ್ನುತ್ತೇನೆ.

ಎರಡನೆಯ ಪ್ರತಿಪಾದನೆಗೆ ದೊಡ್ಡ ಪೆಟ್ಟು ಕೊಟ್ಟದ್ದು ಕೆ.ಎಫ್. ಎಂಬ ಇನ್ನೊಬ್ಬ ರೋಗಿ. ಶಾಲಿಸ್ ಮತ್ತು ವಾರಿಂಗ್ಟನ್ 1970ರಲ್ಲಿ ಇವರ ಬಗ್ಗೆ ಬರೆದರು. ಮೋಟಾರ್‌ಸೈಕಲ್ ಅಪಘಾತದಲ್ಲಿ ಮೆದುಳಿಗೆ ಗಾಯವಾದ ಇವರು ಕಿವಿಯಿಂದ ಕೇಳಿದ ಒಂದೆರಡು ಅಂಕಿಗಳಿಗಿಂತ ಹೆಚ್ಚು ಹಿಡಿದಿಡಲಾರದೆ ಹೋದರು. ಅದೇ ಅಂಕಿಗಳನ್ನು ಕಣ್ಣಿಗೆ ತೋರಿಸಿದರೆ ಇದಕ್ಕಿಂತ ಚೆನ್ನಾಗಿ ಹೇಳುತ್ತಿದ್ದರು. ಅವರ ದೀರ್ಘಾವಧಿ ಕಲಿಕೆಗೆ ಮಾತ್ರ ಧಕ್ಕೆ ಆಗಿರಲಿಲ್ಲ. ಇಲ್ಲಿ ವಿದ್ಯಾರ್ಥಿ ತಾನೇ ಒಂದು ಪ್ರಶ್ನೆ ಎತ್ತಬೇಕು: ಅಲ್ಪಾವಧಿಯ ಬಾಗಿಲೇ ಹೆಚ್ಚುಕಡಿಮೆ ಮುಚ್ಚಿರುವಾಗ ಮಾಹಿತಿ ಒಳಗೆ ಹೋದದ್ದು ಯಾವ ದಾರಿಯಿಂದ? ಮಾದರಿಯ ಬಳಿ ಇದಕ್ಕೆ ಸಲೀಸಾದ ಉತ್ತರವಿಲ್ಲ. ಜೊತೆಗೇ ಇದು ಒಬ್ಬ ರೋಗಿಯ ಪ್ರಕರಣ, ಗಾಯದ ಮುಂಚಿನ ಅಳತೆ ನಮ್ಮ ಕೈಯಲ್ಲಿಲ್ಲ ಎಂದು ಒಂದು ವಾಕ್ಯ ಸೇರಿಸಿದರೆ ಸಾಕ್ಷ್ಯವನ್ನೂ ತೂಗಿದಂತಾಯಿತು. ಗಮನಿಸಿ, ಅದೇ ಎಚ್ಚರಿಕೆ ಎಚ್.ಎಂ.ಗೂ ಸಲ್ಲುತ್ತದೆ. ಬೆಂಬಲಿಸುವಾಗ ಒಂದು ತಕ್ಕಡಿ, ವಿರೋಧಿಸುವಾಗ ಇನ್ನೊಂದು ಹಿಡಿದ ಉತ್ತರವನ್ನು ಅನುಭವಿ ಪರೀಕ್ಷಕರು ತಕ್ಷಣ ಗುರುತಿಸುತ್ತಾರೆ.

ಪ್ರತಿಸ್ಪರ್ಧಿ ಸಿದ್ಧಾಂತ ಬರಬೇಕಾದ ಜಾಗ ಇದೇ. ಹಲವರು ಕೊನೆಯ ಪ್ಯಾರಾದಲ್ಲಿ ‘ಬ್ಯಾಡ್‌ಲಿ ಮತ್ತು ಹಿಚ್ 1974ರಲ್ಲಿ ವರ್ಕಿಂಗ್ ಮೆಮೊರಿ ಮಾದರಿಯನ್ನು ನೀಡಿದರು’ ಎಂದು ಆರಂಭಿಸಿ ಅದರ ಭಾಗಗಳನ್ನೆಲ್ಲ ವಿವರಿಸುತ್ತಾರೆ. ಅದು ಇನ್ನೊಂದು ಪ್ರಶ್ನೆಯ ಉತ್ತರ. ಇಲ್ಲಿ ಬೇಕಾದದ್ದು ಇಷ್ಟೇ: ಅಲ್ಪಾವಧಿಯ ಕೆಲಸವನ್ನು ಧ್ವನಿಗೆ ಒಂದು, ದೃಶ್ಯಕ್ಕೆ ಒಂದು ಎಂದು ಬೇರೆ ಮಾಡಿದರೆ ಕೆ.ಎಫ್. ಒಗಟು ಬಹುಪಾಲು ಬಿಡಿಸಿಕೊಳ್ಳುತ್ತದೆ. ಧ್ವನಿಯ ಭಾಗ ಕೆಟ್ಟಿದೆ, ದೃಶ್ಯದ ಭಾಗ ನಡೆಯುತ್ತಿದೆ. ಬ್ಯಾಡ್‌ಲಿ ಮತ್ತು ಹಿಚ್ ತಮ್ಮ ಪ್ರಯೋಗದಲ್ಲಿ ಆರು ಅಂಕಿಗಳನ್ನು ಮನಸ್ಸಿನಲ್ಲಿ ಹಿಡಿದುಕೊಂಡೇ ತರ್ಕದ ಲೆಕ್ಕ ಬಿಡಿಸಲು ಹೇಳಿದರು. ಆರು ಅಂಕಿ ಎಂದರೆ ಅಲ್ಪಾವಧಿ ಹೆಚ್ಚುಕಡಿಮೆ ತುಂಬಿದಂತೆ. ಅದೊಂದೇ ಜಾಗವಾಗಿದ್ದರೆ ತರ್ಕ ನಿಂತೇ ಹೋಗಬೇಕಿತ್ತು. ಜನ ನಿಧಾನವಾದರು, ಆದರೆ ಉತ್ತರ ಅಷ್ಟೇನೂ ತಪ್ಪಲಿಲ್ಲ. ಹಾಗೆಂದು ಹೊಸ ಮಾದರಿಗೆ ಪೂರ್ಣ ಗೆಲುವು ಬರೆದುಕೊಡಬೇಡಿ. ಅದರ ಕೇಂದ್ರ ನಿಯಂತ್ರಕ ಎಂಬ ಭಾಗ ನಿಖರವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದು ಬಹಳ ಕಾಲ ಅಸ್ಪಷ್ಟವಾಗಿಯೇ ಇತ್ತು.

ಮೂರನೆಯ ಪ್ರತಿಪಾದನೆಯ ಕೊರತೆ ನಮ್ಮ ಮಕ್ಕಳಿಗೆ ಅನುಭವದಿಂದಲೇ ಗೊತ್ತಿರುವಂಥದ್ದು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆದದ್ದನ್ನು ಯಾರೂ ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡು ನೆನಪಿಟ್ಟುಕೊಂಡಿಲ್ಲ ಎಂದು ಒಬ್ಬ ಹುಡುಗ ಬರೆದಿದ್ದ. ಉದಾಹರಣೆ ಚೆನ್ನಾಗಿದೆ, ಆದರೆ ಅದು ಸಾಕ್ಷ್ಯವಲ್ಲ. ಸಾಕ್ಷ್ಯ ಎಂದರೆ ಕ್ರೇಕ್ ಮತ್ತು ವಾಟ್ಕಿನ್ಸ್ 1973ರಲ್ಲಿ ಮಾಡಿದ್ದು. ಪಟ್ಟಿ ಓದುತ್ತಾ ಹೋಗುವಾಗ ಒಂದು ನಿರ್ದಿಷ್ಟ ಅಕ್ಷರದಿಂದ ಆರಂಭವಾಗುವ ಪದಗಳಲ್ಲಿ ಕೊನೆಯದನ್ನು ಹೇಳಬೇಕು. ಅಂಥ ಹೊಸ ಪದ ಬರುವವರೆಗೆ ಹಳೆಯದನ್ನು ಹಿಡಿದಿರಲೇಬೇಕು. ಕೆಲವು ಪದಗಳನ್ನು ಸ್ವಲ್ಪ ಹೊತ್ತು, ಕೆಲವನ್ನು ಬಹಳ ಹೊತ್ತು. ಕೊನೆಗೆ ಮುನ್ಸೂಚನೆಯಿಲ್ಲದೆ ಎಲ್ಲ ಪದಗಳನ್ನೂ ಕೇಳಿದಾಗ, ಬಹಳ ಹೊತ್ತು ಹಿಡಿದಿದ್ದ ಪದ ಹೆಚ್ಚು ನೆನಪಾಗಲಿಲ್ಲ. ಬರೀ ಉರು ಹೊಡೆದರೆ ಸಾಲದು ಎಂದಾಯಿತು. ತೇರಿನ ಮಾತನ್ನು ಇದರ ನಂತರ ಒಂದು ಸಾಲಿನಲ್ಲಿ ಇಟ್ಟರೆ ಅದಕ್ಕೂ ಬೆಲೆ ಬರುತ್ತದೆ.

ಇಲ್ಲಿ ಮಾದರಿಗೆ ನ್ಯಾಯ ಮಾಡುವ ಒಂದು ಮಾತೂ ಇದೆ. ಅಟ್ಕಿನ್ಸನ್ ಮತ್ತು ಶಿಫ್ರಿನ್ ತಮ್ಮ ಮೂಲ ಬರಹದಲ್ಲಿ ಪುನರಾವರ್ತನೆಯೊಂದನ್ನೇ ಹೇಳಿಲ್ಲ. ಮನುಷ್ಯ ತನ್ನ ಇಚ್ಛೆಯಿಂದ ಬಳಸುವ ಬೇರೆ ನಿಯಂತ್ರಣ ಪ್ರಕ್ರಿಯೆಗಳನ್ನೂ, ಹೊಸದನ್ನು ಹಳೆಯ ತಿಳಿವಿಗೆ ಜೋಡಿಸಿ ಸಂಕೇತಿಸುವುದನ್ನೂ ಚರ್ಚಿಸಿದ್ದಾರೆ. ಪಠ್ಯಪುಸ್ತಕಕ್ಕೆ ಬರುವ ಹೊತ್ತಿಗೆ ಅದು ಮೂರು ಚೌಕವಾಗಿ ಬಡವಾಗಿದೆ. ಟೀಕೆ ತಾಗುವುದು ಹೆಚ್ಚಾಗಿ ಆ ಬಡವಾದ ರೂಪಕ್ಕೆ ಎಂದು ಬರೆಯಬಲ್ಲವರು ಮೇಲಿನ ದರ್ಜೆಯ ವಿದ್ಯಾರ್ಥಿಗಳು.

ಇನ್ನು ಪ್ರಯೋಗಾಲಯದ ಕೃತಕತೆ ಎಂಬ ಹಳೆಯ ಟೀಕೆ. ಬಿಡಬೇಕಿಲ್ಲ, ಮೊನೆ ಕೊಡಬೇಕು. 1959ರಲ್ಲಿ ಪೀಟರ್ಸನ್ ದಂಪತಿ ಮೂರು ವ್ಯಂಜನಗಳ ಅರ್ಥವಿಲ್ಲದ ಗುಂಪು ಕೊಟ್ಟು, ಮೂರರ ಅಂತರದಲ್ಲಿ ಹಿಮ್ಮುಖವಾಗಿ ಎಣಿಸಲು ಹೇಳಿದಾಗ, 18 ಸೆಕೆಂಡಿನೊಳಗೆ ಹೆಚ್ಚಿನ ನೆನಪು ಅಳಿದಿತ್ತು. ಇಲ್ಲಿ ಕೃತಕತೆ ದೋಷವಾಗುವುದು ಕೋಣೆಯೊಳಗೆ ಮಾಡಿದರು ಎಂಬ ಕಾರಣಕ್ಕಲ್ಲ. ಅರ್ಥವಿಲ್ಲದ ವಸ್ತುವನ್ನೇ ಕೊಟ್ಟಿದ್ದರಿಂದ, ನೆನಪಿನಲ್ಲಿ ಅರ್ಥದ ಪಾತ್ರ ಏನು ಎಂದು ನೋಡುವ ಅವಕಾಶವನ್ನೇ ಈ ಪ್ರಯೋಗ ಮುಚ್ಚಿತು. ಅರ್ಥ ತಿಳಿದು ಕಲಿತ ವಚನ ಉಳಿಯುವುದು, ಬರೀ ಬಾಯಿಪಾಠ ಮಾಡಿದ್ದು ಜಾರುವುದು ಇಂಥ ಪ್ರಯೋಗದಲ್ಲಿ ಕಾಣಿಸುವುದೇ ಇಲ್ಲ.

ಕೊನೆಗೆ ತೀರ್ಮಾನ. ‘ಹೀಗೆ ಈ ಸಿದ್ಧಾಂತಕ್ಕೆ ಗುಣಗಳೂ ದೋಷಗಳೂ ಇವೆ’ ಎನ್ನುವುದು ತೀರ್ಮಾನವಲ್ಲ. ಆ ವಿದ್ಯಾರ್ಥಿನಿ ಮರಳಿ ಬರೆದು ತಂದದ್ದು ಹೀಗಿತ್ತು: ‘ಎರಡು ಸ್ಮರಣೆಗಳು ಬೇರೆ ಎಂಬ ಮಾತು ಎಚ್.ಎಂ. ಮತ್ತು ಕೆ.ಎಫ್. ಇಬ್ಬರಿಂದಲೂ ಉಳಿಯುತ್ತದೆ. ಆದರೆ ಒಂದರಿಂದ ಇನ್ನೊಂದಕ್ಕೆ ಒಂದೇ ದಾರಿ ಎಂಬುದು ಕೆ.ಎಫ್. ಎದುರು, ಪುನರಾವರ್ತನೆಯೇ ಆ ದಾರಿ ಎಂಬುದು 1973ರ ಪ್ರಯೋಗದ ಎದುರು ನಿಲ್ಲುವುದಿಲ್ಲ. ಆದ್ದರಿಂದ ಮಾದರಿ ಸ್ಮರಣೆಯ ಭಾಗಗಳನ್ನು ಗುರುತಿಸಿತು, ಅವುಗಳ ನಡುವಿನ ಕೆಲಸವನ್ನು ಪೂರ್ತಿ ವಿವರಿಸಲಿಲ್ಲ.’ ಯಾವುದು ಉಳಿಯಿತು, ಯಾವುದು ಬಿತ್ತು, ಯಾವ ಸಾಕ್ಷ್ಯದಿಂದ ಎಂಬುದು ಮೂರು ವಾಕ್ಯದಲ್ಲಿದೆ.

ಇಷ್ಟೆಲ್ಲ ಅಧ್ಯಯನಗಳು ಒಂದು ಉತ್ತರದಲ್ಲಿ ಹಿಡಿಯುವುದಿಲ್ಲ, ಹಿಡಿಸಲು ಹೋಗಲೂಬಾರದು. ಹದಿನೈದು ಅಂಕದ ಉತ್ತರದಲ್ಲಿ ವಿವರಣೆಯನ್ನು ಮೂರನೇ ಒಂದು ಭಾಗದೊಳಗೆ ಮುಗಿಸಿ, ಮೂರು ಅಧ್ಯಯನಗಳನ್ನು ಸಾವಕಾಶವಾಗಿ ಬಿಡಿಸಿ. ಗಂಟೆ ಬಾರಿಸುವ ಹೊತ್ತಾಗಿ ಒಂದಕ್ಕೇ ಸಮಯ ಉಳಿದಿದೆ ಎಂದರೆ ಕೆ.ಎಫ್. ಆರಿಸಿಕೊಳ್ಳಿ: ಅದೊಂದರಿಂದಲೇ ಬೆಂಬಲ, ವಿರೋಧ, ಪ್ರತಿಸ್ಪರ್ಧಿ ಸಿದ್ಧಾಂತ, ಒಂಟಿ ಪ್ರಕರಣದ ಮಿತಿ ನಾಲ್ಕನ್ನೂ ಬರೆಯಬಹುದು.