ಬಫರ್: ತಮ್ಮನ ವಿಡಿಯೊ ಓಡುವಾಗ ಅಕ್ಕನ ಕ್ಲಾಸ್ ಯಾಕೆ ನಿಲ್ಲುತ್ತದೆ?

ಪೋಷಕರಿಗೆ ನಮಸ್ಕಾರ.

ಮಳೆ ಜೋರಾಗಿ ರಜೆ ಕೊಟ್ಟಾಗಲೆಲ್ಲ ನಾವು ಆನ್‌ಲೈನ್ ಕ್ಲಾಸ್ ಮಾಡುತ್ತೇವೆ. ಆಗ ತೀರ್ಥಹಳ್ಳಿ ಕಡೆಯ ಮನೆಗಳಿಂದ ನನಗೆ ಹೆಚ್ಚಾಗಿ ಬರುವ ದೂರು ಒಂದೇ. "ಟೀಚರ್, ನಿಮ್ಮ ವಿಡಿಯೊ ನಿಂತು ನಿಂತು ಬರುತ್ತೆ. ಅದೇ ನೆಟ್‌ನಲ್ಲಿ ಚಿಕ್ಕವನ ಕಾರ್ಟೂನ್ ಮಾತ್ರ ಚೆನ್ನಾಗಿ ಓಡುತ್ತೆ. ತೊಂದರೆ ನಿಮ್ಮ ಕಡೆಯದ್ದೇ ಅಲ್ವಾ?" ಹಾಗೆ ಅನ್ನಿಸುವುದು ಸಹಜ. ಆದರೆ ಕಾರಣ ಬಹಳ ಸಲ ಮನೆಯೊಳಗೇ ಇರುತ್ತದೆ. ಅದು ತಿಳಿಯಬೇಕಾದರೆ ಬಫರ್ ಅಂದರೆ ಏನು ಅಂತ ಗೊತ್ತಿರಬೇಕು.

ಗುಡ್ಡದ ಒರತೆಯಿಂದ ಪೈಪಿನಲ್ಲಿ ಮನೆಗೆ ನೀರು ಬರುತ್ತದೆ ಅಂದುಕೊಳ್ಳಿ. ಬಚ್ಚಲ ಹಂಡೆ ತುಂಬಿದ್ದರೆ, ನಡುವೆ ಪೈಪು ಸ್ವಲ್ಪ ಹೊತ್ತು ನಿಂತರೂ ಸ್ನಾನ ನಿಲ್ಲುವುದಿಲ್ಲ. ಬಫರ್ ಅಂದರೆ ಆ ಹಂಡೆ. ಕಾರ್ಟೂನು ಮೊದಲೇ ತಯಾರಾಗಿ ಕೂತಿರುವ ವಿಡಿಯೊ. ಹಾಗಾಗಿ ಫೋನು ಮುಂದಿನ ಭಾಗವನ್ನು ಈಗಲೇ ತಂದು ತುಂಬಿಸಿಟ್ಟುಕೊಳ್ಳುತ್ತದೆ. ನನ್ನ ಪಾಠ ಹಾಗಲ್ಲ. ನಾನು ಇನ್ನೂ ಆಡದ ಮಾತನ್ನು ಮೊದಲೇ ತಂದಿಡುವುದು ಹೇಗೆ? ಕ್ಲಾಸ್ ನೋಡುವ ಮಗು ನೇರವಾಗಿ ನಲ್ಲಿಗೆ ಬೊಗಸೆ ಒಡ್ಡಿದ ಹಾಗೆ. ನೀರು ನಿಂತ ಕ್ಷಣವೇ ಬೊಗಸೆ ಖಾಲಿ.

ಈಗ ಒಂದು ಮನೆಯ ಲೆಕ್ಕ ನೋಡೋಣ. ಅಪ್ಪನ ಫೋನಿನ ಹಾಟ್‌ಸ್ಪಾಟ್‌ಗೆ ಸೆಕೆಂಡಿಗೆ 4 ಮೆಗಾಬಿಟ್ ಬರುತ್ತಿದೆ. ಅಕ್ಕನ ಕ್ಲಾಸಿಗೆ ಸುಮಾರು 1 ಮೆಗಾಬಿಟ್ ಸಾಕು. ತಮ್ಮನ ವಿಡಿಯೊ 720p ಗುಣಮಟ್ಟದಲ್ಲಿದ್ದರೆ ಸುಮಾರು 2.5 ಬೇಕು. ಕೂಡಿದರೆ 3.5. ಹಾಗಾದರೆ ಇಬ್ಬರಿಗೂ ಸಾಕಾಗಬೇಕಿತ್ತಲ್ಲ?

ಸಾಕಾಗುವುದಿಲ್ಲ. ಯಾಕೆಂದರೆ ತಮ್ಮನ ಫೋನು ಒಂದೇ ಸಮನೆ 2.5ರಂತೆ ಎಳೆಯುವುದಿಲ್ಲ. ಹಂಡೆ ತುಂಬುವವರೆಗೆ ಸಿಕ್ಕಷ್ಟನ್ನೂ ಎಳೆಯುತ್ತದೆ, ತುಂಬಿದ ಮೇಲೆ ಸುಮ್ಮನಾಗುತ್ತದೆ, ಸ್ವಲ್ಪ ಕಡಿಮೆಯಾದರೆ ಮತ್ತೆ ಎಳೆಯುತ್ತದೆ. ಎಳೆಯುವ ಹೊತ್ತಿನಲ್ಲಿ ದಾರಿಯಲ್ಲಿ ಡೇಟಾ ಸಾಲುಗಟ್ಟಿ ನಿಲ್ಲುತ್ತದೆ. ಆ ಸಾಲಿನಲ್ಲಿ 1 ಎಂಬಿ ಇದ್ದರೆ ಅದು 8 ಮೆಗಾಬಿಟ್. ಸೆಕೆಂಡಿಗೆ 4ರಂತೆ ಅದು ಕರಗಲು 2 ಸೆಕೆಂಡು ಬೇಕು. ನನ್ನ ಮಾತಿನ ತುಣುಕು ಬಂದು ನಿಲ್ಲುವುದು ಆ ಸಾಲಿನ ಕೊನೆಯಲ್ಲಿ. 2 ಸೆಕೆಂಡು ತಡವಾಗಿ ಬಂದ ತುಣುಕು ಕ್ಲಾಸಿನ ಆ್ಯಪ್‌ಗೆ ಹೆಚ್ಚಾಗಿ ಉಪಯೋಗಕ್ಕೆ ಬರುವುದಿಲ್ಲ, ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಆಗ ನನ್ನ ಮುಖ ಅಲ್ಲೇ ನಿಂತುಬಿಡುತ್ತದೆ.

ಇದನ್ನು ಗುರುತಿಸುವುದು ಸುಲಭ. ವಿಡಿಯೊ ನಿಲ್ಲುತ್ತದೆ, ಸ್ವಲ್ಪ ಹೊತ್ತು ಸರಿಯಾಗುತ್ತದೆ, ಮತ್ತೆ ನಿಲ್ಲುತ್ತದೆ, ಹೀಗೇ ನಡೆಯುತ್ತಿದ್ದರೆ ಹಂಡೆ ತುಂಬುತ್ತಿದೆ ಅಂತ ತಿಳಿಯಿರಿ.

ಇಲ್ಲಿ ಅನೇಕರು ಎಡವುವುದು ಒಂದು ಕಡೆ. "ಅಕ್ಕನ ಕ್ಲಾಸ್ ಇದೆ, ಸ್ವಲ್ಪ ನಿಲ್ಲಿಸೋ" ಅಂತ ತಮ್ಮನಿಗೆ ಹೇಳುತ್ತೀರಿ. ಅವನು ಪಾಸ್ ಒತ್ತುತ್ತಾನೆ. ಚಿತ್ರ ನಿಂತರೂ ಹಂಡೆ ತುಂಬುವುದು ಇನ್ನೂ ಸ್ವಲ್ಪ ಹೊತ್ತು ನಡೆಯುತ್ತಲೇ ಇರಬಹುದು. ಅದಕ್ಕೇ ಪಾಸ್ ಮಾಡಿಸಿ ಸುಮ್ನೆ ಕೂರಬೇಡಿ, ಆ ಆ್ಯಪನ್ನೇ ಮುಚ್ಚಿಸಿ.

ಚಿಕ್ಕವನನ್ನು ಒಂದು ಗಂಟೆ ಸುಮ್ಮನೆ ಕೂರಿಸುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಅವನಿಗೆ ಬೇಕಾದ ವಿಡಿಯೊವನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು. ಆಗ ನೆಟ್ ಬೇಕಾಗುವುದೇ ಇಲ್ಲ. ಅದು ಆಗದಿದ್ದರೆ ಗುಣಮಟ್ಟ ಇಳಿಸಿ. ಯೂಟ್ಯೂಬಿನಲ್ಲಿ ವಿಡಿಯೊ ಮೇಲಿನ ಹಲ್ಲುಚಕ್ರದ ಗುರುತು ಒತ್ತಿ, `Quality` ಒಳಗೆ `Data saver` ಆರಿಸಿ. ಇದು ಆ ಒಂದು ವಿಡಿಯೊಗೆ ಮಾತ್ರ. ಎಲ್ಲ ವಿಡಿಯೊಗೂ ಬೇಕಾದರೆ ಆ್ಯಪಿನ `Settings` ಒಳಗೆ ವಿಡಿಯೊ ಗುಣಮಟ್ಟದ ಆಯ್ಕೆ ಇರುತ್ತದೆ. ಅಲ್ಲಿ ಮೊಬೈಲ್ ನೆಟ್‌ಗೆ ಒಂದು, ವೈಫೈಗೆ ಒಂದು ಅಂತ ಬೇರೆ ಬೇರೆ ಇರುತ್ತವೆ. ಹಾಟ್‌ಸ್ಪಾಟ್ ಹಿಡಿದ ಫೋನು ಅದನ್ನು ವೈಫೈ ಅಂತಲೇ ತಿಳಿಯುತ್ತದೆ. ಹಾಗಾಗಿ ಎರಡನ್ನೂ ಬದಲಿಸಿ. 360p ಇದ್ದರೆ ಸುಮಾರು 0.7 ಮೆಗಾಬಿಟ್ ಸಾಕು. ಹಂಡೆಯೇ ಚಿಕ್ಕದಾದ ಹಾಗೆ, ಬೇಗ ತುಂಬುತ್ತದೆ, ಅಕ್ಕನ ಸರದಿ ಬೇಗ ಬರುತ್ತದೆ. ಆದರೂ ತುಂಬುವ ಆ ಸ್ವಲ್ಪ ಹೊತ್ತಿನಲ್ಲಿ ಒಮ್ಮೊಮ್ಮೆ ತಡವರಿಸಬಹುದು.

ಮನೆಯಲ್ಲಿ ಬೇರೆ ಯಾರೂ ನೆಟ್ ಬಳಸದಿದ್ದರೂ ಕ್ಲಾಸ್ ನಿಲ್ಲುತ್ತಿದೆಯೇ? ಹಾಗಾದರೆ ತಮ್ಮನನ್ನು ಬೈಯಬೇಡಿ, ಅದು ಸಿಗ್ನಲ್ಲಿನ ತೊಂದರೆ ಇರಬೇಕು. ಕರೆಂಟ್ ಹೋಗಿ ಟವರ್ ಸೊರಗಿದ ದಿನ ಮೇಲಿನ ಯಾವ ಉಪಾಯವೂ ನಡೆಯುವುದಿಲ್ಲ. ಅಂಥ ದಿನ ಮಗುವಿನ ಕ್ಯಾಮೆರಾ ಆಫ್ ಮಾಡಿಸಿ, ನಮ್ಮ ವಿಡಿಯೊಗಳನ್ನೂ ಆಫ್ ಮಾಡುವ ಆಯ್ಕೆ ಆ್ಯಪಿನಲ್ಲಿದ್ದರೆ ಅದನ್ನೂ ಒತ್ತಿ. ಬರೀ ಧ್ವನಿಗೆ 0.1 ಮೆಗಾಬಿಟ್‌ಗಿಂತ ಕಡಿಮೆ ಸಾಕು. ಬೋರ್ಡಿನ ಫೋಟೊವನ್ನು ಸಂಜೆ ಗ್ರೂಪಿಗೆ ಹಾಕುತ್ತೇನೆ. ಕ್ಯಾಮೆರಾ ಆಫ್ ಇದ್ದರೂ ಹಾಜರಿ ಹಾಕುತ್ತೇನೆ.